ಬಜರ್ ಕೂಗಲಿಲ್ಲ ಎಂದರೆ ವೈರ್ ತುಂಡಾಗಿದೆ ಎಂದಲ್ಲ

ಪ್ರಶ್ನೆ: ಹೆಡ್‌ಫೋನಿನಲ್ಲಿ ಯಕ್ಷಗಾನ ಕೇಳುವಾಗ ಭಾಗವತರ ಧ್ವನಿ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ, ಚೆಂಡೆ ಮಾತ್ರ ಕೇಳುತ್ತದೆ. ವೈರ್ ತಿರುಚಿದರೆ ಒಮ್ಮೊಮ್ಮೆ ಸರಿಯಾಗುತ್ತದೆ. ಮಲ್ಟಿಮೀಟರ್ ಬಜರಿನಲ್ಲಿಟ್ಟು ಪಿನ್ನಿಗೆ ಹಿಡಿದರೆ ಎಲ್ಲಿಯೂ ಕೂಗುವುದಿಲ್ಲ. ಪೂರ್ತಿ ಹೋಗಿದೆಯೇ?
— ಓದುಗರು, ಕುಮಟಾ

ಉತ್ತರ: ಪೂರ್ತಿ ಹೋಗಿದ್ದರೆ ಚೆಂಡೆಯೂ ಕೇಳುತ್ತಿರಲಿಲ್ಲ. ನೀವು ಹೇಳಿದ ಲಕ್ಷಣ ನೋಡಿದರೆ ಎಡ-ಬಲ ಎರಡಕ್ಕೂ ಸೇರಿದ ಗ್ರೌಂಡ್ ವೈರ್ ಬಿಟ್ಟುಕೊಂಡಿದೆ. ಅದು ಬಿಟ್ಟಾಗ ಎರಡು ಸ್ಪೀಕರ್‌ಗಳೂ ಒಂದರ ಹಿಂದೊಂದು ಸರಣಿಯಾಗಿ ಸೇರಿಬಿಡುತ್ತವೆ. ಎರಡೂ ಕಡೆ ಸಮನಾಗಿ ಬರುವ ಧ್ವನಿ ಅಳಿಸಿಹೋಗಿ, ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವಷ್ಟೇ ಉಳಿಯುತ್ತದೆ. ಹಾಡುವವರ ಧ್ವನಿಯನ್ನು ಸಾಮಾನ್ಯವಾಗಿ ನಡುವೆ ಇಡುತ್ತಾರೆ, ಹಾಗಾಗಿ ಮೊದಲು ಮಾಯವಾಗುವುದು ಅದೇ.

ಬಜರ್ ಸುಮ್ಮನಿರುವುದಕ್ಕೆ ಬೇರೆ ಕಾರಣವೂ ಇರಬಹುದು. ಪಿನ್ನಿನಲ್ಲಿ ಅಳೆಯುವಾಗ ವೈರಿನ ಜೊತೆ ಸ್ಪೀಕರಿನ ಕಾಯಿಲ್ ಕೂಡ ದಾರಿಯಲ್ಲಿರುತ್ತದೆ. ಅದು ಸಾಮಾನ್ಯವಾಗಿ 32 ಓಮ್ ಆಸುಪಾಸು. ಕೆಲವು ಮೀಟರ್‌ಗಳ ಬಜರ್ 30 ಓಮ್‌ಗಿಂತ ಕಡಿಮೆ ಇದ್ದರಷ್ಟೇ ಕೂಗುತ್ತದೆ, ಕೆಲವದು 50ರವರೆಗೂ ಕೂಗುತ್ತದೆ. ಆದ್ದರಿಂದ ಮೊದಲ ಹಂತಕ್ಕೆ ಬಜರ್ ಬೇಡ. ಹೆಡ್‌ಫೋನನ್ನು ಫೋನಿನಿಂದ ಬಿಚ್ಚಿ, ಮೀಟರನ್ನು 200 ಓಮ್‌ಗೆ ತಿರುಗಿಸಿ.

ಎರಡು ಕಪ್ಪು ಗೆರೆಯ ಪಿನ್ ಆದರೆ ತುದಿ ಎಡಕ್ಕೆ, ನಡುವಿನ ಉಂಗುರ ಬಲಕ್ಕೆ, ಬುಡ ಗ್ರೌಂಡ್‌ಗೆ. (ಮೂರು ಗೆರೆ ಇದ್ದರೆ ಮೈಕ್ ಇದೆ. ಈಗಿನ ಹೆಚ್ಚಿನವುಗಳಲ್ಲಿ ಬುಡ ಮೈಕಿನದು, ಅದರ ಪಕ್ಕದ ಉಂಗುರ ಗ್ರೌಂಡ್.) ಮುಂದೆ ಬುಡ ಎಂದಲ್ಲೆಲ್ಲ ಗ್ರೌಂಡ್ ಎಂದೇ ತಿಳಿಯಿರಿ. ಮೂರು ಅಳತೆ ತೆಗೆಯಿರಿ: ತುದಿ–ಬುಡ, ಉಂಗುರ–ಬುಡ, ತುದಿ–ಉಂಗುರ. ಎಲ್ಲವೂ ಸರಿಯಿದ್ದರೆ 33, 33, 65 ಹೀಗೆ ಬರುತ್ತದೆ. ಮೊದಲ ಎರಡೂ ಕಡೆ ಎಡತುದಿಯಲ್ಲಿ ಬರೀ `1` ಅಥವಾ `OL` ತೋರಿಸಿ, ಮೂರನೆಯದು ಮಾತ್ರ 65ರಲ್ಲೇ ನಿಂತರೆ ಗ್ರೌಂಡೇ ಕಳ್ಳ. ಸ್ಪೀಕರ್‌ಗಳೂ ಎಡ-ಬಲದ ವೈರ್‌ಗಳೂ ಗಟ್ಟಿಯಾಗಿವೆ ಎಂಬುದಕ್ಕೆ ಆ 65 ಸಾಕ್ಷಿ.

ಈಗ ಜಾಗ ಹುಡುಕಬೇಕು. ಮೀಟರಿನ ವೈರ್‌ಗಳಿಗೆ ಕ್ರೊಕೊಡೈಲ್ ಕ್ಲಿಪ್ ಹಾಕಿ ಒಂದನ್ನು ತುದಿಗೆ, ಇನ್ನೊಂದನ್ನು ಬುಡಕ್ಕೆ ಕಚ್ಚಿಸಿ. ಕೈಯಲ್ಲಿ ಹಿಡಿದರೆ ನಿಮ್ಮ ಕೈ ಅಲುಗಿದ್ದೋ ವೈರ್ ಬಿಟ್ಟದ್ದೋ ಗೊತ್ತಾಗುವುದಿಲ್ಲ. ಪಿನ್ನನ್ನು ಮೇಜಿನ ಮೇಲೆ ಒತ್ತಿ ಹಿಡಿದು, ಅಲ್ಲಿಂದ ಎರಡೆರಡು ಸೆಂಟಿಮೀಟರ್ ಜರುಗುತ್ತ ಕೇಬಲನ್ನು ನಿಧಾನವಾಗಿ ಬಗ್ಗಿಸಿ. ಪಿನ್ನಿನ ರಬ್ಬರ್ ಕುತ್ತಿಗೆ ಮುಗಿಯುವ ಜಾಗ, ಕೇಬಲ್ ಎರಡಾಗಿ ಕವಲೊಡೆಯುವ ಜಾಗ, ಕಿವಿಯ ಬಟ್ಟಲಿಗೆ ಒಳಹೋಗುವ ಜಾಗ, ಈ ಮೂರರಲ್ಲಿ ಜಾಸ್ತಿ ತುಂಡಾಗುತ್ತದೆ. ಅಗ್ಗದ ಮೀಟರ್ ಸೆಕೆಂಡಿಗೆ ಎರಡು-ಮೂರು ಸಲವಷ್ಟೇ ಅಂಕಿ ಬದಲಿಸುವುದರಿಂದ ಕ್ಷಣಮಾತ್ರದ ತುಂಡು ಕಣ್ಣಿಗೆ ಬೀಳದೆ ಹೋಗಬಹುದು. ಹೆಡ್‌ಫೋನನ್ನು ಕಿವಿಯ ಹತ್ತಿರ ಹಿಡಿದುಕೊಳ್ಳಿ. ಮೀಟರಿನ ಸಣ್ಣ ಕರೆಂಟು ಸ್ಪೀಕರಿನಲ್ಲಿ ಹರಿಯುತ್ತಿರುತ್ತದೆ, ಬಿಟ್ಟು ಹತ್ತಿದಾಗ 'ಟಕ್' ಎನ್ನುತ್ತದೆ. ಅಂಕಿಗಿಂತ ಇದು ಬೇಗ ಸುಳಿವು ಕೊಡುತ್ತದೆ.

ನಿಮ್ಮದು ಕುತ್ತಿಗೆಯಲ್ಲೇ ಟಕ್ ಎಂದರೆ ಅಲ್ಲಿಂದ 3 ಸೆಂ.ಮೀ. ಬಿಟ್ಟು ಕತ್ತರಿಸಿ. ಬಜರಿಗೆ ನಿಜವಾದ ಕೆಲಸ ಈಗ. ಪಿನ್ ಇರುವ ತುಂಡಿನಲ್ಲಿ ಕಾಯಿಲ್ ಇಲ್ಲ, ಬರೀ ವೈರ್, ಆದ್ದರಿಂದ ಸರಿಯಿದ್ದರೆ ಕೂಗಲೇಬೇಕು. ಆದರೆ ಬಿಡಿಸಿದ ಎಳೆಗಳಿಗೆ ಹಾಗೇ ಪ್ರೋಬ್ ಒತ್ತಿದರೆ ಕೂಗದು. ಕೆಂಪು, ಹಸಿರು, ತಾಮ್ರದ ಬಣ್ಣಗಳಲ್ಲಿ ಕಾಣುವುದು ಎನಾಮೆಲ್ ಲೇಪ, ಅದು ಕರೆಂಟು ಹೋಗಲು ಬಿಡುವುದಿಲ್ಲ. ಇದೇ ಕಾರಣಕ್ಕೆ ಕೇಬಲಿಗೆ ಗುಂಡುಸೂಜಿ ಚುಚ್ಚಿ ನೋಡುವ ಉಪಾಯವೂ ಇಲ್ಲಿ ನಡೆಯುವುದಿಲ್ಲ. ಫ್ಲಕ್ಸ್ ಹಚ್ಚಿ, 350–380 ಡಿಗ್ರಿ ಕಾದ ಸೋಲ್ಡರಿಂಗ್ ಕಬ್ಬಿಣದ ತುದಿಯಲ್ಲಿ ಬೆಸುಗೆ ಸೀಸದ ಗುಳ್ಳೆ ಮಾಡಿ, ಎಳೆಯ ತುದಿಯನ್ನು ಅದರೊಳಗೆ ಎರಡು-ಮೂರು ಸೆಕೆಂಡ್ ಅದ್ದಿ. ಎನಾಮೆಲ್ ಸುಟ್ಟು ಸೀಸ ಹತ್ತಿ ಹೊಳೆಯುತ್ತದೆ. ಲೈಟರ್ ಹಿಡಿಯಬೇಡಿ, ಕೂದಲಿನಂಥ ಆ ಎಳೆಗಳು ಪೆಡಸಾಗಿ ಮುರಿಯುತ್ತವೆ. ನಡುವೆ ಸಿಗುವ ನೈಲಾನ್ ದಾರವನ್ನು ಮೊದಲೇ ಕತ್ತರಿಸಿ.

ಬುಡಕ್ಕೊಂದು ಪ್ರೋಬ್, ಸಾಮಾನ್ಯವಾಗಿ ಗ್ರೌಂಡ್ ಆಗಿರುವ ತಾಮ್ರಬಣ್ಣದ ವೈರಿಗೊಂದು. ಬಗ್ಗಿಸುತ್ತ ಕೇಳಿ. ಕೂಗಿ ನಿಂತು ಕೂಗಿದರೆ ದೋಷ ಆ ತುಂಡಿನಲ್ಲೇ. ವೈರಿನಲ್ಲಿ ಕೂದಲಿನಂಥ ಒಂದೇ ಒಂದು ಎಳೆ ಉಳಿದಿದ್ದರೂ ಬಜರ್ ಸಲೀಸಾಗಿ ಕೂಗುತ್ತದೆ, ಅದಕ್ಕೇ ಬಗ್ಗಿಸದೆ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ.

ಉಳಿದ ಕೇಬಲಿನ ತುದಿಯಲ್ಲಿ ಮತ್ತೆ 200 ಓಮ್‌ನಲ್ಲಿ 33, 33 ಬಂದರೆ ಹೊಸ ಪಿನ್ ಬೆಸೆಯಬಹುದು. ಕರಾವಳಿಯ ಉಪ್ಪುಗಾಳಿಗೆ ಒಳಗಿನ ತಾಮ್ರ ಹಸಿರಾಗಿದ್ದರೆ ಸೀಸ ಹತ್ತುವುದಿಲ್ಲ, ಹೊಳೆಯುವ ತಾಮ್ರ ಸಿಗುವವರೆಗೆ ಇನ್ನಷ್ಟು ಕತ್ತರಿಸಿ. ಒಳಗೆ ನಾಲ್ಕು ವೈರ್‌ಗಳಿದ್ದರೆ ತಾಮ್ರಬಣ್ಣದ ಎರಡೂ ಬುಡಕ್ಕೇ ಹೋಗಬೇಕು. ಬಣ್ಣವನ್ನೇ ನಂಬದೆ, ಯಾವ ಜೋಡಿಗೆ 33 ಬರುತ್ತದೆ ಎಂದು ಅಳೆದು ಗುರುತು ಮಾಡಿಕೊಳ್ಳಿ. ಪಿನ್ನಿನ ಮುಚ್ಚಳವನ್ನು ಬೆಸೆಯುವ ಮೊದಲೇ ಕೇಬಲಿಗೆ ಪೋಣಿಸಿರಬೇಕು.