ಗೊತ್ತಿದೆ ಅಂದುಕೊಂಡ ಮಾತನ್ನೂ ಬರೆದು ಕೇಳಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಇಪ್ಪತ್ತೇಳರ ಯುವತಿ. ತರಬೇತಿ ಕೆಲಸವೊಂದರ ಸಂದರ್ಶನಕ್ಕೆ ಅವರಿಗೆ ಜರ್ಮನ್‌ನಲ್ಲಿ ಮೇಲ್ ಬಂದಿತ್ತು. ಒಂದು ವರ್ಷ ಆ ಭಾಷೆ ಕಲಿತವರು. ಮೇಲ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಅರ್ಥವಾಗಿತ್ತು, ಆದರೂ ಎರಡು ದಿನದಿಂದ ಉತ್ತರ ಬರೆದಿರಲಿಲ್ಲ. "ಅರ್ಥವಾಗಲಿಲ್ಲ ಅಂದ್ರೆ ನನ್ನನ್ನು ಬೇಡ ಅಂತಾರೆ ಮೇಡಂ. ಸುಮ್ನೆ 'ಎಲ್ಲ ತಿಳಿಯಿತು, ಧನ್ಯವಾದ' ಅಂತ ಕಳಿಸಿಬಿಡ್ಲಾ?" ಎಂದರು. ಹಿಂದೊಮ್ಮೆ ಹಾಗೇ ಕಳಿಸಿ, ಕಾಗದಪತ್ರ ಕೊಡುವ ಕೊನೆಯ ದಿನ ತಪ್ಪಿಸಿಕೊಂಡಿದ್ದರಂತೆ. ಆ ನಾಚಿಕೆ ಇನ್ನೂ ಹೋಗಿರಲಿಲ್ಲ.

ಮೇಲನ್ನು ಮುದ್ರಿಸಿ ತರಲು ಹೇಳಿದೆ. ಪೂರ್ತಿ ಗೊತ್ತಿರುವ ವಾಕ್ಯಕ್ಕೆ ಒಂದು ಬಣ್ಣ, ಊಹೆ ಮಾಡಿದ್ದಕ್ಕೆ ಇನ್ನೊಂದು ಬಣ್ಣ ಹಚ್ಚಿದರು. ಊಹೆಯ ಬಣ್ಣ ಒಂದೇ ಕಡೆ ಬಿತ್ತು: 'ಎವೆಂಟುಎಲ್' ಎಂಬ ಪದವಿದ್ದ, ಸರ್ಟಿಫಿಕೇಟ್ ಕುರಿತ ಸಾಲು. ಇಂಗ್ಲಿಷಿನ ಎವೆನ್ಚುಯಲಿ ಇದ್ದ ಹಾಗಿದೆ, ಹಾಗಾಗಿ ಮುಂದೆ ಯಾವಾಗಲಾದರೂ ಕೊಡಬೇಕಿರಬಹುದು ಎಂದರು. ಸಮಯದ ಸಾಲಿಗೆ ಮಾತ್ರ ಗೊತ್ತಿರುವ ಬಣ್ಣವನ್ನೇ ಹಚ್ಚಿದ್ದರು. ಅಲ್ಲಿದ್ದದ್ದು 'ಹಲ್ಪ್ ಡ್ರೈ'. ಹಲ್ಪ್ ಅಂದರೆ ಅರ್ಧ, ಡ್ರೈ ಅಂದರೆ ಮೂರು. ಮೂರೂವರೆ ಅಲ್ವಾ?

ನನಗೆ ಜರ್ಮನ್ ಬಾರದು. ಆದರೂ ಒಂದು ಮಾತಿಗೆ ಪಟ್ಟು ಹಿಡಿದೆ. ಅನುಮಾನ ಇರುವುದನ್ನು ನಾವು ಹೇಗೂ ಕೇಳುತ್ತೇವೆ. ಗೊತ್ತಿದೆ ಅಂದುಕೊಂಡದ್ದನ್ನು ಕೇಳುವುದೇ ಇಲ್ಲ. ಅದಕ್ಕೇ ದಿನ, ಸಮಯ, ಜಾಗ, ತರಬೇಕಾದ ವಸ್ತು ಎಲ್ಲವನ್ನೂ ಉತ್ತರದಲ್ಲಿ ತಿರುಗಿ ಬರೆಯಬೇಕು. ಅವರ ಪದಗಳನ್ನೇ ನಕಲು ಮಾಡಬಾರದು, ಹಾಗೆ ಮಾಡಿದರೆ ನಮ್ಮ ತಪ್ಪು ಅವರಿಗೆ ಕಾಣುವುದಿಲ್ಲ. ಸಮಯವನ್ನು ಇಪ್ಪತ್ನಾಲ್ಕು ಗಂಟೆಯ ಲೆಕ್ಕದಲ್ಲಿ ಅಂಕಿಯಲ್ಲೇ ಬರೆಯಬೇಕು, ತಿಂಗಳನ್ನು ಹೆಸರಿನಲ್ಲಿ. "ನಾನು ತಿಳಿದದ್ದು ಸರಿಯೇ?" ಎಂದಷ್ಟೇ ಕೇಳಿದರೆ ಅವಸರದಲ್ಲಿರುವವರು ಓದದೆ ಹೌದು ಅನ್ನಬಹುದು. ಅನುಮಾನದ ಕಡೆ ಎರಡು ದಾರಿ ಇಟ್ಟು ಯಾವುದು ಎಂದು ಕೇಳಿದರೆ ಅವರು ಓದಲೇಬೇಕಾಗುತ್ತದೆ.

ಸರಳ ಇಂಗ್ಲಿಷಿನಲ್ಲಿ ಅವರೇ ಬರೆದರು. ಅದರ ಸಾರ ಇಷ್ಟು:

"ನಿಮ್ಮ ಮೇಲ್ ಸಿಕ್ಕಿತು. ನನಗೆ ಜರ್ಮನ್ ಸ್ವಲ್ಪ ಮಾತ್ರ ಓದಲು ಬರುತ್ತದೆ. ನಾನು ತಿಳಿದುಕೊಂಡದ್ದು: ಸಂದರ್ಶನ ಮಾರ್ಚ್ 12, ಗುರುವಾರ, 15:30ಕ್ಕೆ, ನಿಮ್ಮ ಕಚೇರಿಯಲ್ಲಿ. ಸರ್ಟಿಫಿಕೇಟ್‌ಗಳನ್ನು ಅಂದೇ ತರಬೇಕೇ, ಆಮೇಲೆ ಕಳಿಸಬೇಕೇ? ತಪ್ಪಿದ್ದರೆ ದಯವಿಟ್ಟು ತಿದ್ದಿ."

'ಒಪ್ಪಿದ್ದೇನೆ' ಎಂಬ ಪದ ಬೇಕೆಂದೇ ಬಿಟ್ಟೆವು. ಮೇಲ್ ಸಿಕ್ಕಿತು ಅನ್ನುವುದು ಬೇರೆ, ಒಪ್ಪಿಗೆ ಬೇರೆ. ಹಣ ಅಥವಾ ಸಹಿಯ ವಿಷಯ ಬಂದರೆ ಈ ದಾರಿಯೂ ಸಾಲದು, ಆ ಭಾಷೆ ಚೆನ್ನಾಗಿ ಬಲ್ಲವರಿಂದಲೇ ಪೂರ್ತಿ ಓದಿಸಿ ಎಂದೂ ಹೇಳಿದೆ.

ಮರುದಿನ ಉತ್ತರ ಬಂತು. ಸಮಯ 14:30. ಜರ್ಮನ್‌ನಲ್ಲಿ 'ಅರ್ಧ ಮೂರು' ಅಂದರೆ ಮೂರಕ್ಕೆ ಇನ್ನೂ ಅರ್ಧ ಗಂಟೆ ಇದೆ ಎಂದಂತೆ. ಆ ಇನ್ನೊಂದು ಪದಕ್ಕೆ 'ಒಂದು ವೇಳೆ' ಎಂಬ ಅರ್ಥವಂತೆ: ಸರ್ಟಿಫಿಕೇಟ್ ಇದ್ದರೆ ಅಂದೇ ತನ್ನಿ. ಕೊನೆಯಲ್ಲಿ, ಕೇಳಿದ್ದು ಒಳ್ಳೆಯದಾಯಿತು ಎಂದೂ ಬರೆದಿದ್ದರು. ಆ ಸಾಲನ್ನು ಆಕೆ ನನಗೆ ಎರಡು ಸಲ ಓದಿ ಹೇಳಿದರು.