‘ನಾಳೆಯೊಳಗೆ’ ಎಂದರೆ ಯಾವ ದಿನ?

ಸಂಪಾದಕರಿಗೆ,
ಪೊನ್ನಂಪೇಟೆ ಕಡೆಯ ಬ್ಯಾಂಕ್ ಶಾಖೆಯೊಂದರಲ್ಲಿ ವಸೂಲಿ ನೋಡಿಕೊಳ್ಳುತ್ತೇನೆ. ಜುಲೈ 20ರಂದು ಜೀಪಿನ ಸಾಲಗಾರರೊಬ್ಬರಿಗೆ ಹೀಗೆ ಮೆಸೇಜ್ ಹಾಕಿದೆ: ‘ಎರಡು ಕಂತು ಬಾಕಿ. ಖಾತೆ ಎನ್‌ಪಿಎ ಆಗಿದೆ. ನಾಳೆಯೊಳಗೆ ಕಟ್ಟದಿದ್ದರೆ ಗಾಡಿ ಎತ್ತಿಕೊಂಡು ಹೋಗುತ್ತೇವೆ. ಜಾಮೀನುದಾರರಿಗೂ, ನಿಮ್ಮ ಅಣ್ಣನಿಗೂ ಹೇಳಿದ್ದೇವೆ.’ ಅವರು ಶಾಖೆಗೆ ಬಂದು ಕಣ್ಣೀರು ಹಾಕಿದರು. ಮೃದುವಾಗಿ ಬರೆದರೆ ಯಾರೂ ಕಟ್ಟುವುದಿಲ್ಲ ಎನ್ನುತ್ತಾರೆ ಸಹೋದ್ಯೋಗಿಗಳು. ಹೇಗೆ ಬರೆಯಲಿ? ಕಂತು ತಿಂಗಳ 10ಕ್ಕೆ, ₹11,400. ಜೂನ್, ಜುಲೈ ಎರಡೂ ಬಂದಿಲ್ಲ. ದಂಡ ಶುಲ್ಕ ₹310.
— ಬ್ಯಾಂಕ್ ಉದ್ಯೋಗಿ

ಪ್ರಿಯರೇ,

ನಿಮ್ಮ ಮೆಸೇಜಿಗೆ ‘ದಯವಿಟ್ಟು’ ಸೇರಿಸಿದರೆ ಅದು ಸರಿಹೋಗುವುದಿಲ್ಲ, ಏಕೆಂದರೆ ಅದರಲ್ಲಿರುವ ಮೊದಲ ತೊಂದರೆ ಒರಟುತನವಲ್ಲ, ತಪ್ಪು ಮಾಹಿತಿ. ಜುಲೈ 20ಕ್ಕೆ ಆ ಖಾತೆ ಎನ್‌ಪಿಎ, ಎಂದರೆ ಬ್ಯಾಂಕಿನ ಲೆಕ್ಕದಲ್ಲಿ ವಸೂಲಾಗದ ಸಾಲ, ಆಗಿರಲಿಲ್ಲ. ಕಂತಿನ ಸಾಲದಲ್ಲಿ ಅತಿ ಹಳೆಯ ಬಾಕಿಯ ದಿನದಿಂದ ಲೆಕ್ಕ ಶುರು. ಜೂನ್ 10ರ ಕಂತಿಗೆ ಜುಲೈ 10ಕ್ಕೆ 30 ದಿನ, ಆಗಸ್ಟ್ 9ಕ್ಕೆ 60, ಸೆಪ್ಟೆಂಬರ್ 8ಕ್ಕೆ 90. ಅಲ್ಲಿಯವರೆಗೂ ಬಾಕಿ ಉಳಿದರೆ ಮಾತ್ರ ಖಾತೆ ಎನ್‌ಪಿಎ. ಬೆಳೆ ಸಾಲಕ್ಕೆ ಲೆಕ್ಕ ಬೇರೆ, ಅಲ್ಲಿ ಬೆಳೆಯ ಹಂಗಾಮನ್ನು ನೋಡುತ್ತಾರೆ. ಹಾಗಾಗಿ ಈ ತಾರೀಖುಗಳನ್ನು ಕಾಫಿ ಬೆಳೆಗಾರರ ಬೆಳೆ ಸಾಲದ ನೋಟಿಸಿಗೆ ಎತ್ತಿ ಹಾಕಬೇಡಿ.

ಇನ್ನು ‘ನಾಳೆಯೊಳಗೆ’. ಜುಲೈ ಮಳೆಯಲ್ಲಿ ನಮ್ಮ ಊರುಗಳ ಗತಿ ನಿಮಗೆ ಗೊತ್ತೇ ಇದೆ. ಮರ ಬಿದ್ದು ಕರೆಂಟು ಹೋದರೆ ಟವರೂ ಇಲ್ಲ. ನೀವು ಸೋಮವಾರ ಕಳಿಸಿದ್ದನ್ನು ಅವರು ಗುರುವಾರ ಓದಿದರೆ ಆ ‘ನಾಳೆ’ ಎಂದೋ ಮುಗಿದಿರುತ್ತದೆ. ತಾರೀಖನ್ನೇ ಬರೆಯಿರಿ. ಗಾಡಿ ವಶಪಡಿಸಿಕೊಳ್ಳುವುದಕ್ಕೂ ಕ್ರಮವಿದೆ: ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು ಎಂಬುದು ಸಾಲದ ಕರಾರಿನಲ್ಲಿ ಇರಬೇಕು. ಅದನ್ನು ತೆರೆದು ನೋಡದೆ ಗಾಡಿಯ ಮಾತು ಎತ್ತುವುದೇ ತಪ್ಪು.

ಅಣ್ಣನ ವಿಷಯ ನನಗೆ ಹೆಚ್ಚು ನೋವು ತಂದಿತು. ಜಾಮೀನುದಾರರು ಸಹಿ ಹಾಕಿದವರು, ಕಾನೂನಿನಲ್ಲಿ ಅವರಿಗೂ ಹೊಣೆಯಿದೆ. ಅವರಿಗೆ ಪ್ರತ್ಯೇಕವಾಗಿ, ಅಷ್ಟೇ ಮರ್ಯಾದೆಯಿಂದ ತಿಳಿಸಬಹುದು. ಅಣ್ಣ ಸಹಿ ಹಾಕಿಲ್ಲ. ವಸೂಲಿ ಏಜೆಂಟರು ಸಾಲಗಾರರ ಮನೆಯವರ, ಸ್ನೇಹಿತರ ಖಾಸಗಿತನಕ್ಕೆ ಕೈಹಾಕಬಾರದು, ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ ಆಗಸ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಏಜೆಂಟರಿಗೆ ಸಲ್ಲದ್ದು ಬ್ಯಾಂಕಿನ ಸ್ವಂತ ನೌಕರರಿಗೆ ಹೇಗೆ ಸಂದೀತು? ಮೆಸೇಜಿಗೂ ಅದೇ ಹೊತ್ತನ್ನು ಪಾಲಿಸಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪನ ಮೊಬೈಲ್ ಮಗಳ ಕೈಯಲ್ಲಿರುತ್ತದೆ. ಅವಳು ಓದಿದರೂ ಅಪ್ಪನ ತಲೆ ತಗ್ಗದಂತೆ ಇರಲಿ ನಿಮ್ಮ ಬರಹ.

ನಾನಾದರೆ ಹೀಗೆ ಬರೆಯುತ್ತಿದ್ದೆ:

‘ಮಾನ್ಯರೇ, ನಮಸ್ಕಾರ. ನಿಮ್ಮ ವಾಹನ ಸಾಲದ ಜೂನ್ 10 ಮತ್ತು ಜುಲೈ 10ರ ಕಂತುಗಳು (ತಲಾ ₹11,400) ಜುಲೈ 20ರವರೆಗೆ ಜಮೆಯಾಗಿಲ್ಲ. ಕಂತು ₹22,800, ದಂಡ ಶುಲ್ಕ ₹310, ಒಟ್ಟು ₹23,110. ಈಗಾಗಲೇ ಕಟ್ಟಿದ್ದರೆ ರಸೀದಿ ತೋರಿಸಿ, ಸರಿಪಡಿಸುತ್ತೇವೆ. ಒಮ್ಮೆಗೇ ಕಟ್ಟಲು ಕಷ್ಟವಿದ್ದರೆ ಜುಲೈ 31ರೊಳಗೆ ಶಾಖೆಗೆ ಬನ್ನಿ, ಮಾತಾಡೋಣ. ಬಾಕಿ ಹಾಗೇ ಉಳಿದರೆ ಸೆಪ್ಟೆಂಬರ್ 8ರಂದು ಖಾತೆ ಎನ್‌ಪಿಎ ಆಗುತ್ತದೆ. ಆಮೇಲೆ ಖಾತೆ ಮೊದಲಿನಂತಾಗಲು ಪೂರ್ತಿ ಬಾಕಿ ಕಟ್ಟಬೇಕಾಗುತ್ತದೆ.’

ಕೆಳಗೆ ನಿಮ್ಮ ಹೆಸರು, ಹುದ್ದೆ, ಶಾಖೆಯ ಫೋನ್ ನಂಬರ್ ಇರಲಿ. ಹೆಸರಿಲ್ಲದ ಮೆಸೇಜ್ ಬಂದರೆ ಈಗಿನ ಕಾಲದಲ್ಲಿ ಜನ ಮೋಸದ ಜಾಲವೆಂದೇ ತಿಳಿಯುತ್ತಾರೆ.

ಸೆಪ್ಟೆಂಬರ್ 8ರ ಮಾತನ್ನು ನಾನು ಬಿಟ್ಟಿಲ್ಲ, ನೋಡಿ. ನಿಮ್ಮ ಸಹೋದ್ಯೋಗಿಗಳ ಅಳುಕಿಗೆ ಉತ್ತರ ಅಲ್ಲಿದೆ. ಮುಂದೇನಾಗುತ್ತದೆ ಎಂಬುದನ್ನು ಮುಚ್ಚಿಟ್ಟು ಸಿಹಿಯಾಗಿ ಬರೆದರೆ ಸಾಲಗಾರರಿಗೇ ಅನ್ಯಾಯ. ಸೆಪ್ಟೆಂಬರಿನಲ್ಲಿ ಅವರು ‘ನೀವು ಮೊದಲೇ ಹೇಳಲಿಲ್ಲವಲ್ಲ’ ಎಂದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ. ದಂಡ ಶುಲ್ಕವನ್ನು ಬೇರೆಯಾಗಿ ತೋರಿಸಿದ್ದಕ್ಕೂ ಕಾರಣವಿದೆ. 2024ರಿಂದ ಅದನ್ನು ಬಡ್ಡಿಯಾಗಿ ಹಾಕುವಂತಿಲ್ಲ, ಅದರ ಮೇಲೆ ಮತ್ತೆ ಬಡ್ಡಿ ಏರಿಸುವಂತೆಯೂ ಇಲ್ಲ. ಲೆಕ್ಕ ಬಿಡಿಸಿ ತೋರಿಸಿದರೆ ಅವರೇ ಅದನ್ನು ಪರೀಕ್ಷಿಸಬಹುದು.

‘ಮಾತಾಡೋಣ’ ಎಂದು ನಿಲ್ಲಿಸಿದ್ದೂ ಬೇಕೆಂದೇ. ‘ಕಾಫಿ ಕೊಯ್ಲಿನವರೆಗೆ ಸಮಯ ಕೊಡುತ್ತೇವೆ’ ಎಂದು ಬರೆಯಲು ನನಗೂ ಮನಸ್ಸಾಯಿತು, ಮಳೆಗಾಲದಲ್ಲಿ ಇಲ್ಲಿ ಯಾರ ಕೈಯಲ್ಲಿ ಕಾಸು ಓಡಾಡುತ್ತದೆ? ಆದರೆ ಗಡುವು ಬದಲಿಸುವ ಅಧಿಕಾರ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಆ ಮಾತು ಕೊಡಬೇಡಿ. ಅವರು ಬಂದಾಗ ಕುರ್ಚಿ ಕೊಟ್ಟು ಒಳಗೆ ಕೂರಿಸಿ ಕೇಳಿ, ಕೌಂಟರಿನಲ್ಲಿ ಎಲ್ಲರ ಮುಂದೆ ಬೇಡ. ಅರ್ಜಿ ಬರೆಸಿಕೊಂಡು ಮೇಲಿನವರಿಗೆ ಕಳಿಸಿ. ಸದ್ಯ ಒಂದು ಕಂತು ಕಟ್ಟಿದರೂ ಜೂನ್ ಬಾಕಿ ತೀರಿ, ಲೆಕ್ಕ ಜುಲೈ 10ರಿಂದ ಶುರುವಾಗುತ್ತದೆ ಎಂಬುದನ್ನು ತಿಳಿಸಿ. ದಂಡ ಶುಲ್ಕಕ್ಕೆ ಮೊದಲು ಎಷ್ಟು ಹೋಗುತ್ತದೆ ಎಂದು ಕೇಳಿಕೊಂಡು, ಅಷ್ಟನ್ನು ಸೇರಿಸಿಯೇ ಹೇಳಿ.

ಮತ್ತೊಂದು ಮಾತು. ಕಳಿಸುವ ಮುನ್ನ ಆ ದಿನದ ಜಮೆಯನ್ನು ಒಮ್ಮೆ ನೋಡಿ. ಬೆಳಿಗ್ಗೆ ತೆಗೆದ ಪಟ್ಟಿ ಹಿಡಿದು ಸಂಜೆ ಮೆಸೇಜ್ ಹಾಕಿದರೆ, ಮಧ್ಯಾಹ್ನ ಗೋಣಿಕೊಪ್ಪದಲ್ಲಿ ಸಾಲು ನಿಂತು ಕಟ್ಟಿ ಬಂದವರಿಗೂ ಅದು ಹೋಗಿಬಿಡುತ್ತದೆ.

— ಸಂಪಾದಕ