‘ಪುಟ ಕಣ್ಮುಂದೆ ಬರುತ್ತೆ, ಉತ್ತರ ಬರಲ್ಲ’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಎರಡನೇ ವರ್ಷದ ನರ್ಸಿಂಗ್ ವಿದ್ಯಾರ್ಥಿನಿ. ಇಲ್ಲಿ ಅವಳನ್ನು ವೀಣಾ ಎನ್ನೋಣ. ತಾಯಿಯ ಜೊತೆ ಬಂದಿದ್ದಳು. ಮಾತು ಶುರು ಮಾಡಿದ್ದು ತಾಯಿಯೇ: “ಮೇಡಂ, ಇವಳು ಓದೋದಕ್ಕೇನೂ ಕಮ್ಮಿ ಮಾಡಲ್ಲ. ರಾತ್ರಿ ಎರಡು ಗಂಟೆವರೆಗೂ ಪುಸ್ತಕ ಹಿಡಿದಿರ್ತಾಳೆ. ಆದ್ರೆ ಒಂದೂ ತಲೇಲಿ ನಿಲ್ತಿಲ್ಲ. ಜ್ಞಾಪಕಶಕ್ತಿಗೆ ಏನಾದ್ರೂ ಮಾತ್ರೆ ಇದ್ರೆ ಕೊಡಿಸೋಣ ಅಂತ.” ವೀಣಾಳ ಭಯ ಬೇರೆಯೇ ಇತ್ತು. ಮಿದುಳಿನ ಯಾವುದೋ ಕಾಯಿಲೆ ಶುರುವಾಗಿದೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಇಂಥ ದೂರು ಬಂದಾಗ ನಾನು ಮೊದಲು ಓದಿನ ಸುದ್ದಿಗೆ ಹೋಗುವುದಿಲ್ಲ. ತಲೆಗೆ ಪೆಟ್ಟು, ಫಿಟ್ಸ್, ಊಟ-ನಿದ್ದೆ, ಮನಸ್ಸಿನ ಮಂಕು, ದಿನನಿತ್ಯದ ಮರೆವು ಇವನ್ನೆಲ್ಲ ವಿಚಾರಿಸಿದೆ. ಎರಡು ವಾರದ ಹಿಂದೆ ರೂಮ್‌ಮೇಟ್ ಜೊತೆ ಆದ ಜಗಳವನ್ನು, ಯಾರು ಯಾವ ಮಾತಾಡಿದರು ಎಂಬುದರ ಸಮೇತ ಬಿಡಿಸಿ ಹೇಳಿದಳು. ಹೊಸ ನೆನಪು ಕಟ್ಟುವ ಶಕ್ತಿ ಕೆಟ್ಟವರು ಹಾಗೆ ಹೇಳಲಾರರು. ಎದ್ದು ಕಂಡ ತೊಂದರೆ ಒಂದೇ, ನಿದ್ದೆ: ನಾಲ್ಕು ಗಂಟೆ, ಕೆಲವೊಮ್ಮೆ ಅದಕ್ಕೂ ಕಡಿಮೆ.

ಆಮೇಲೆ ಒಂದು ಖಾಲಿ ಹಾಳೆ ಕೊಟ್ಟೆ. ಹಿಂದಿನ ದಿನವಷ್ಟೇ ಮೂರು ಸಲ ಓದಿದ್ದೇನೆ ಎಂದಿದ್ದ ಪಾಠವನ್ನೇ ಕೇಳಿದೆ, ಮಿದುಳಿನಿಂದ ಹೊರಡುವ ಹನ್ನೆರಡು ಕ್ರೇನಿಯಲ್ ನರ್ವ್‌ಗಳ ಹೆಸರು. ಆಲ್ಫ್ಯಾಕ್ಟರಿ, ಆಪ್ಟಿಕ್, ಫೇಶಿಯಲ್, ವೇಗಸ್. ನಾಲ್ಕಕ್ಕೆ ಪೆನ್ನು ನಿಂತಿತು. “ಎಡಗಡೆ ಪುಟ ಮೇಡಂ, ಮೇಲೆ ಚಿತ್ರ ಇದೆ, ಕೆಳಗೆ ಹಳದಿ ಹೈಲೈಟರ್ ಹಾಕಿದೀನಿ. ಪುಟ ಕಣ್ಮುಂದೆ ಬರುತ್ತೆ, ಉತ್ತರ ಬರಲ್ಲ.” ಕಣ್ಣಲ್ಲಿ ನೀರು ತುಂಬಿತ್ತು. ನಂತರ ಆ ಹನ್ನೆರಡರ ಜೊತೆ ಬೇರೆ ನರಗಳ ಹೆಸರನ್ನೂ ಕಲಸಿ ಬರೆದ ಪಟ್ಟಿ ಕೊಟ್ಟು, ಸರಿಯಾದವಕ್ಕೆ ಗುರುತು ಹಾಕಲು ಹೇಳಿದೆ. ಹನ್ನೆರಡಕ್ಕೆ ಹನ್ನೆರಡೂ ಸರಿ!

ಪ್ರಕರಣದ ಗಂಟು ಇಲ್ಲೇ ಇತ್ತು. ಕಂಡದ್ದನ್ನು ಗುರುತಿಸುವುದು ಒಂದು ಕೆಲಸ, ಏನೂ ಕಾಣದೆ ಒಳಗಿಂದ ಹೊರತೆಗೆಯುವುದು ಇನ್ನೊಂದು. ವೀಣಾ ಮೂರು ಸಲ ಓದಿ ಮೊದಲನೆಯದನ್ನೇ ಪಳಗಿಸಿಕೊಂಡಿದ್ದಳು. ಮೂರನೇ ಓದಿಗೆ ಸಾಲುಗಳು ಸಲೀಸಾಗಿ ಸಾಗುತ್ತವೆ, ‘ಬಂತು’ ಅನ್ನಿಸುತ್ತದೆ. ಪರೀಕ್ಷೆ ಕೇಳುವುದು ಎರಡನೆಯದನ್ನು.

ಕಾಯಿಲೆಯ ಭಯ ಹೋಗಬೇಕಾದರೆ ಒಳಗೆ ಏನು ನಡೆಯುತ್ತದೆ ಎಂಬುದು ಅವಳಿಗೆ ಗೊತ್ತಾಗಬೇಕಿತ್ತು. ನರ್ಸಿಂಗ್ ಓದುವವಳಾದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳಿದೆ. ಹೊಸದೇನನ್ನಾದರೂ ಕಲಿಯುವಾಗ ಒಟ್ಟಿಗೆ ಚುರುಕಾದ ನರಕೋಶಗಳ ನಡುವಿನ ಕೊಂಡಿ, ಅಂದರೆ ಸಿನಾಪ್ಸ್, ಬಲಗೊಳ್ಳುತ್ತದೆ. ಈ ಮೊದಲ ಬಲ ಬೇಗ ಬರುತ್ತದೆ, ಕೆಲವು ಗಂಟೆಗಳಲ್ಲಿ ಸಡಿಲವೂ ಆಗುತ್ತದೆ. ಅದು ಉಳಿಯಬೇಕಾದರೆ ಕೋಶ ಹೊಸ ಪ್ರೋಟೀನ್ ತಯಾರಿಸಿ ಕೊಂಡಿಯ ರಚನೆಯನ್ನೇ ಬದಲಿಸಬೇಕು. ಎಲ್ಲ ಕೊಂಡಿಗೂ ಆ ಖರ್ಚನ್ನು ಮಿದುಳು ಮಾಡುವುದಿಲ್ಲ. ಮನಸ್ಸು ಕಲಕಿದ್ದಕ್ಕೆ, ಮತ್ತೆ ಮತ್ತೆ ಬೇಕಾದದ್ದಕ್ಕೆ ಮೊದಲ ಮಣೆ. ಜಗಳ ನೆನಪಲ್ಲಿ ನಿಂತು ನರಗಳ ಹೆಸರು ಹಾರಿಹೋಗಿದ್ದು ಹೀಗೆ.

ಇದಾದ ಮೇಲೂ ಕೆಲಸ ಬಾಕಿ ಇರುತ್ತದೆ. ಬಿಡಿಬಿಡಿ ಸಂಗತಿಗಳನ್ನು ಒಂದು ನೆನಪಾಗಿ ಹೆಣೆಯುವುದು ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗ. 1953ರಲ್ಲಿ ಫಿಟ್ಸ್ ತಡೆಯಲೆಂದು ಹೆನ್ರಿ ಮೊಲೈಸನ್ ಎಂಬ ಅಮೆರಿಕನ್ ಯುವಕನ ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದರು. ಬಾಲ್ಯದ ನೆನಪು ಉಳಿಯಿತು, ಮಾತುಕತೆಗೂ ತೊಂದರೆ ಇರಲಿಲ್ಲ. ಆದರೆ ಅಂದಿನಿಂದ ಭೇಟಿಯಾದವರು ಯಾರೂ ಅವನಿಗೆ ನೆನಪಿರುತ್ತಿರಲಿಲ್ಲ. ಹಳೆಯದು ಉಳಿದು ಹೊಸದು ನಿಲ್ಲದೆ ಹೋದದ್ದರಿಂದ, ಬಲಿತ ನೆನಪುಗಳು ನಿಧಾನವಾಗಿ ಮಿದುಳಿನ ಹೊರಪದರವನ್ನು ಆಶ್ರಯಿಸುತ್ತವೆ ಎಂಬ ತಿಳಿವಳಿಕೆ ಬೆಳೆಯಿತು. ಗಾಢ ನಿದ್ದೆಯಲ್ಲಿ ಹಿಪ್ಪೊಕ್ಯಾಂಪಸ್ ಹಗಲಿನ ಚಟುವಟಿಕೆಯ ಮಾದರಿಗಳನ್ನು ಮತ್ತೆ ಓಡಿಸುತ್ತದೆ. ವೀಣಾ ಕತ್ತರಿ ಹಾಕುತ್ತಿದ್ದದ್ದು ಇಂಥ ಕೆಲಸ ನಡೆಯುವ ನಿದ್ದೆಗೇ.

ಮರೆವಿನ ವೇಗವನ್ನು ಮೊದಲು ಅಳೆದವನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್, 1885ರಲ್ಲಿ. ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಅದೇ ಪಟ್ಟಿಯನ್ನು ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕ ಹಾಕಿದ. ಒಂದು ದಿನ ಬಿಟ್ಟರೆ ಉಳಿತಾಯ ಸುಮಾರು ಮೂರನೇ ಒಂದು ಭಾಗ, ತಿಂಗಳು ಬಿಟ್ಟರೆ ಸುಮಾರು ಐದನೇ ಒಂದು ಭಾಗ. ಮೊದಲ ದಿನ ಕಡಿದಾದ ಇಳಿತ, ಆಮೇಲೆ ನಿಧಾನ. ಅರ್ಥವಿರುವ ಪಾಠ ಇಷ್ಟು ಬೇಗ ಇಳಿಯುವುದಿಲ್ಲ, ಆದರೆ ಇಳಿಜಾರಿನ ರೂಪ ಹೆಚ್ಚುಕಡಿಮೆ ಇದೇ. “ಹಾಗಾದ್ರೆ ಎಲ್ರಿಗೂ ಹೀಗೇನಾ?” ಎಂದಳು. ಹೌದು, ಎಲ್ಲರಿಗೂ.

ಕೊಟ್ಟ ಸಲಹೆ ಇಷ್ಟು. ಪಾಠವನ್ನು ಅರ್ಥ ಮಾಡಿಕೊಂಡು ಒಮ್ಮೆ ಓದಿ. ಪುಸ್ತಕ ಮುಚ್ಚಿ ಬೇರೇನಾದರೂ ಕೆಲಸ ಮಾಡಿ. ಹತ್ತು ಹದಿನೈದು ನಿಮಿಷ ಬಿಟ್ಟು ಖಾಲಿ ಹಾಳೆಯಲ್ಲಿ ಬರೆಯಿರಿ. ಓದಿದ ಮರುಗಳಿಗೆಯೇ ಬರೆದರೆ ಇನ್ನೂ ನಾಲಿಗೆ ತುದಿಯಲ್ಲೇ ಇರುವುದನ್ನು ಇಳಿಸಿದಂತೆ, ಅದರಿಂದ ಹೆಚ್ಚು ಉಪಯೋಗವಿಲ್ಲ. ತಡವರಿಸಿದರೆ ಅರ್ಧ ನಿಮಿಷವಾದರೂ ಹುಡುಕಾಡಿ, ಆಮೇಲಷ್ಟೇ ಪುಸ್ತಕ ತೆರೆದು ತಪ್ಪು ತಿದ್ದಿ. ಮರುದಿನ, ನಾಲ್ಕನೇ ದಿನ, ಹತ್ತನೇ ದಿನ ಮತ್ತೆ ಖಾಲಿ ಹಾಳೆ. ಈ ಅಂತರ ಅವಳ ಪರೀಕ್ಷೆಗೆ ಉಳಿದಿದ್ದ ಆರು ವಾರಕ್ಕೆ ಹೊಂದಿಸಿದ್ದು. ಪರೀಕ್ಷೆ ದೂರವಿದ್ದರೆ ಅಂತರವೂ ಹಿಗ್ಗಬೇಕು. ಮತ್ತು ಹನ್ನೊಂದಕ್ಕೆ ದೀಪ ಆರಿಸಬೇಕು. ಇದಕ್ಕೆ ತಾಯಿ ಒಪ್ಪಿದಷ್ಟು ಸುಲಭವಾಗಿ ಮಗಳು ಒಪ್ಪಲಿಲ್ಲ.

ವಾರ ಕಳೆದು ಬಂದಾಗ ಮುಖ ಬಾಡಿತ್ತು. “ಇದು ಇನ್ನೂ ಕೆಟ್ಟದಾಯ್ತು ಮೇಡಂ. ಮುಂಚೆ ಓದಿದಾಗ ಎಲ್ಲ ಗೊತ್ತು ಅನ್ನಿಸ್ತಿತ್ತು. ಈಗ ದಿನಾ ಗೊತ್ತಿಲ್ಲ ಅಂತಲೇ ಗೊತ್ತಾಗ್ತಿದೆ.” ಹೆಚ್ಚಿನವರು ಈ ಹಂತದಲ್ಲೇ ಕೈಬಿಡುತ್ತಾರೆ, ಹಾಗಾಗಿ ಆ ದಿನದ ಸಮಯವನ್ನೆಲ್ಲ ಇದಕ್ಕೇ ಕೊಟ್ಟೆ. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮರುಓದು ಮಾಡಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಲೆಕ್ಕ ತಿರುಗಿತು: ನೆನಪಿಸಿಕೊಂಡು ಬರೆದವರಿಗೆ ಸುಮಾರು 56%, ಮತ್ತೆ ಓದಿದವರಿಗೆ ಸುಮಾರು 42%. ಈ ದಾರಿ ಮೊದಮೊದಲು ಸೋಲಿನಂತೆಯೇ ಕಾಣುವುದು ಸಹಜ.

ಅವಳಿಗೆ ಅಂಕಿಗಿಂತ ಹೆಚ್ಚು ಹಿಡಿಸಿದ್ದು ಅವಳದೇ ನೋಟ್‌ಬುಕ್. ಎಷ್ಟು ಬಂತು ಎನ್ನುವ ಬದಲು, ಬಿಟ್ಟುಹೋದದ್ದನ್ನು ಮತ್ತೆ ಕಲಿಯಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡಲು ಹೇಳಿದ್ದೆ. ಎಬ್ಬಿಂಗ್‌ಹೌಸ್‌ನ ಉಪಾಯವೇ ಅದು. ನರಗಳ ಪಾಠಕ್ಕೆ ಮೊದಲ ದಿನ 35 ನಿಮಿಷ, ಮರುದಿನ 14, ನಾಲ್ಕನೇ ದಿನ 6. ಹಾಳೆಯಲ್ಲಿ ಬಾರದ ಹೆಸರುಗಳೂ ಪೂರ್ತಿ ಅಳಿಸಿಹೋಗಿರಲಿಲ್ಲ ಎಂಬುದು ಆಗ ಅವಳ ಕಣ್ಣಿಗೆ ಬಿತ್ತು.

ಆರನೇ ವಾರದ ಹೊತ್ತಿಗೆ ಅಂಗರಚನಾಶಾಸ್ತ್ರ ಹಿಡಿತಕ್ಕೆ ಬಂದಿತ್ತು. ಫಾರ್ಮಕಾಲಜಿ ಬರಲಿಲ್ಲ. ವಿಚಾರಿಸಿದರೆ, ಔಷಧಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದೇ ಅವಳಿಗೆ ಅರ್ಥವಾಗಿರಲಿಲ್ಲ. ಅರ್ಥವಾಗದ ಪಾಠಕ್ಕೆ ಖಾಲಿ ಹಾಳೆ ಮದ್ದಲ್ಲ, ಅದಕ್ಕೆ ಪಾಠ ಹೇಳಿಕೊಡುವವರು ಬೇಕು. ಅಲ್ಲಿಗೇ ಕಳಿಸಿದೆ.

ತಾಯಿ ಮಾತ್ರೆಯ ಮಾತು ಬಿಟ್ಟಿರಲಿಲ್ಲ. ಆರೋಗ್ಯವಂತರಿಗೆ ಓದಿದ್ದನ್ನು ತಲೆಯಲ್ಲಿ ನಿಲ್ಲಿಸುವ ಟಾನಿಕ್ ಇಲ್ಲ ಎಂದು ನೇರವಾಗಿಯೇ ಹೇಳಿದೆ. ಬಿ12 ಕೊರತೆ ಅಥವಾ ಥೈರಾಯ್ಡ್ ತೊಂದರೆಯಿಂದ ಮರೆವು ಬರುವುದುಂಟು, ಅನುಮಾನವಿದ್ದರೆ ವೈದ್ಯರ ಹತ್ತಿರ ರಕ್ತಪರೀಕ್ಷೆ ಮಾಡಿಸಬಹುದು. ಕೇಳಿದ ಪ್ರಶ್ನೆಯನ್ನೇ ಸ್ವಲ್ಪ ಹೊತ್ತಿಗೆ ಮತ್ತೆ ಕೇಳುವುದು, ಗೊತ್ತಿರುವ ದಾರಿ ತಪ್ಪುವುದು, ನಿನ್ನೆಯ ಘಟನೆಯೇ ಪೂರ್ತಿ ಅಳಿಸಿಹೋಗುವುದು ಕಂಡರೆ ಮಾತ್ರ ನನ್ನ ಹತ್ತಿರ ಬರದೆ ಸೀದಾ ನರರೋಗ ತಜ್ಞರ ಬಳಿ ಹೋಗಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ.